ಆ್ಯಪ್‌ನ ಹೆಸರಿನ ಮೇಲೆ ನೋಟಿಸ್ ಕಳಿಸಿದರೆ ಯಾರಿಗೆ ಹೋಗುತ್ತೆ?

ಮೊದಲಿಗೆ ಒಂದು ಸಣ್ಣ ಪ್ರಶ್ನೆ. ಇಲ್ಲಿ ಕೂತವರಲ್ಲಿ ರ‍್ಯಾಪಿಡೋ ಬೈಕ್ ಹತ್ತಿದವರು ಜಾಸ್ತಿ ಜನ ಇದ್ದೀರಿ. ಆ ಆ್ಯಪ್ ನಡೆಸೋ ಕಂಪನಿ ಹೆಸರು ಯಾರಿಗಾದರೂ ಗೊತ್ತಾ? ರೊಪ್ಪೆನ್ ಟ್ರಾನ್ಸ್‌ಪೋರ್ಟೇಶನ್ ಸರ್ವೀಸಸ್ ಪ್ರೈವೇಟ್ ಲಿಮಿಟೆಡ್. ಓಲಾ ಕ್ಯಾಬ್ ಬುಕ್ ಮಾಡುವಾಗ ನಿಮ್ಮ ವ್ಯವಹಾರ ಇರೋದು ಎಎನ್‌ಐ ಟೆಕ್ನಾಲಜೀಸ್ ಜೊತೆ. ಸ್ವಿಗ್ಗಿ 2024ರವರೆಗೂ ಕಾಗದದ ಮೇಲೆ ಬಂಡಲ್ ಟೆಕ್ನಾಲಜೀಸ್ ಪ್ರೈವೇಟ್ ಲಿಮಿಟೆಡ್ ಆಗಿತ್ತು. ಇದರಲ್ಲಿ ಮೋಸ ಏನೂ ಇಲ್ಲ. ಬೋರ್ಡಿನ ಹೆಸರು ಬೇರೆ, ರಿಜಿಸ್ಟರ್ ಆದ ಹೆಸರು ಬೇರೆ ಇರೋದು ಕಾನೂನಿಗೆ ಒಪ್ಪಿಗೆಯೇ.

ತೊಂದರೆ ಶುರುವಾಗೋದು ದುಡ್ಡು ಸಿಕ್ಕಿಹಾಕಿಕೊಂಡಾಗ. ನೋಟಿಸ್ ಬರೆಯಬೇಕು, ಕನ್ಸ್ಯೂಮರ್ ಕೋರ್ಟಿಗೆ ಹೋಗಬೇಕು ಅಂದರೆ ಎದುರುಗಡೆ ಒಬ್ಬ ಪಕ್ಷಗಾರ ಬೇಕು. ಬ್ರ್ಯಾಂಡು ಪಕ್ಷಗಾರ ಅಲ್ಲ. ಅದು ಒಂದು ಹೆಸರು ಅಷ್ಟೇ, ಅದಕ್ಕೆ ಅಂಚೆಯಣ್ಣ ಸ್ಪೀಡ್ ಪೋಸ್ಟ್ ಕೊಡೋಕೆ ಆಗಲ್ಲ. ಹಾಗಾಗಿ ಇವತ್ತು ಹೇಳಬೇಕು ಅಂತ ಬಂದಿರೋದು ಒಂದೇ ವಿಷಯ: ಆ್ಯಪ್‌ನ ಬಳಕೆಯ ಷರತ್ತು ಮತ್ತು ಪ್ರೈವೆಸಿ ಪಾಲಿಸಿ, ಈ ಎರಡು ಕಾಗದದಿಂದ ಹಿಂದಿರೋ ಕಂಪನಿಯನ್ನ ಹೇಗೆ ಹೊರಗೆ ಎಳೆಯೋದು.

ಈ ಕಾಗದಗಳನ್ನ ಪೂರ್ತಿ ಓದಿ ಅಂತ ನಾನು ಹೇಳಲ್ಲ. ಯಾರೂ ಓದಲ್ಲ, ನಾನೂ ಓದಲ್ಲ. ಬೇಕಾಗಿರೋದು ಅದರಲ್ಲಿ ಒಂದು ವಾಕ್ಯ. ಆ್ಯಪ್ ಒಳಗೆ ಓದೋದಕ್ಕಿಂತ ಅದೇ ಪುಟವನ್ನ ಬ್ರೌಸರ್‌ನಲ್ಲಿ ತೆರೆಯಿರಿ, ಏಕೆಂದರೆ ಅಲ್ಲಿ ಪುಟದೊಳಗೆ ಹುಡುಕೋ ಸೌಲಭ್ಯ ಇರುತ್ತೆ. ಅಲ್ಲಿ `Limited` ಅಂತ ಟೈಪ್ ಮಾಡಿ. ಸಿಗಲಿಲ್ಲ ಅಂದರೆ `LLP`, `incorporated`, `registered office`, `proprietor`. ಕೊನೆಗೆ `governing law`. ಎಲ್‌ಎಲ್‌ಪಿ ಅಂದರೆ ಪಾಲುದಾರರ ಹೊಣೆಗೆ ಮಿತಿ ಇರೋ ಪಾಲುದಾರಿಕೆ ಸಂಸ್ಥೆ. ನಮ್ಮಲ್ಲಿ ಷರತ್ತುಗಳೆಲ್ಲ ಹೆಚ್ಚಾಗಿ ಇಂಗ್ಲಿಷಲ್ಲೇ ಇರೋದರಿಂದ ಈ ಐದಾರು ಪದ ಸಾಕು. ಪುಟದ ತಳದಲ್ಲಿ ವರ್ಷದ ಜೊತೆ ಕಾಪಿರೈಟ್ ಗುರುತು ಹಾಕಿ ಒಂದು ಹೆಸರು ಇರುತ್ತಲ್ಲ, ಅದನ್ನ ಮಾತ್ರ ನಂಬಬೇಡಿ. ಅಲ್ಲಿ ಎಷ್ಟೋ ಸಲ ಬರೀ ಬ್ರ್ಯಾಂಡ್ ಹೆಸರಿರುತ್ತೆ, ಇಲ್ಲಾ ವೆಬ್‌ಸೈಟ್ ಮಾಡಿಕೊಟ್ಟವರು ಹಾಕಿದ್ದನ್ನ ಯಾರೂ ಮತ್ತೆ ನೋಡಿರಲ್ಲ.

ಸರಿಯಾಗಿ ಬರೆದಿರೋದು ಹೇಗಿರುತ್ತೆ ಅಂತ ಒಂದು ಉದಾಹರಣೆ ನೋಡೋಣ. ಫ್ಲಿಪ್‌ಕಾರ್ಟ್‌ನ ಬಳಕೆಯ ಷರತ್ತು ತೆಗೆಯಿರಿ. ಮೇಲಿನ ಪ್ಯಾರಾಗಳಲ್ಲೇ ಒಂದು ವಾಕ್ಯ ಇದೆ. flipkart.com ಅನ್ನೋ ಡೊಮೈನ್ ಫ್ಲಿಪ್‌ಕಾರ್ಟ್ ಇಂಟರ್‌ನೆಟ್ ಪ್ರೈವೇಟ್ ಲಿಮಿಟೆಡ್‌ಗೆ ಸೇರಿದ್ದು, ಅದು 1956ರ ಕಂಪನಿ ಕಾಯ್ದೆಯಡಿ ಸ್ಥಾಪನೆಯಾದ ಕಂಪನಿ, ನೋಂದಾಯಿತ ಕಚೇರಿ ಬೆಂಗಳೂರಿನ ಹೊರವರ್ತುಲ ರಸ್ತೆಯ ದೇವರಬೀಸನಹಳ್ಳಿ, ಎಂಬೆಸಿ ಟೆಕ್ ವಿಲೇಜ್ ಅಂತ. ನಮಗೆ ಬೇಕಾದ್ದು ಇದೇ. ಪೂರ್ತಿ ಹೆಸರು, ಯಾವ ಕಾಯ್ದೆ, ಎಲ್ಲಿ ನೋಂದಾಯಿತ ಕಚೇರಿ. ವೆಬ್‌ಸೈಟಿನ ತಳಕ್ಕೆ ಹೋದರೆ ಇನ್ನೊಂದು ಸಾಲು ಇದೆ:

```
CIN : U51109KA2012PTC066107
```

ಇದು ಕಂಪನಿಯ ಗುರುತಿನ ಸಂಖ್ಯೆ, ಒಟ್ಟು 21 ಅಕ್ಷರ-ಅಂಕಿ. ಎಲ್ಲರೂ ಸಿಐಎನ್ ಅಂತಲೇ ಕರೆಯೋದು. ಇದನ್ನ ಬಿಡಿಸಿ ಓದೋಕೆ ಬಂದರೆ ಅರ್ಧ ಕೆಲಸ ಆದ ಹಾಗೆ. ಮೊದಲ `U` ಅಂದರೆ ಷೇರುಪೇಟೆಯಲ್ಲಿ ಲಿಸ್ಟ್ ಆಗಿಲ್ಲ, ಆಗಿದ್ದರೆ `L`. ಮುಂದಿನ ಐದು ಅಂಕಿ ಯಾವ ಬಗೆಯ ಉದ್ಯಮ ಅನ್ನೋದರ ಕೋಡ್. `KA` ಕರ್ನಾಟಕ. `2012` ಸ್ಥಾಪನೆಯಾದ ವರ್ಷ. `PTC` ಅಂದರೆ ಪ್ರೈವೇಟ್ ಲಿಮಿಟೆಡ್. ಪಬ್ಲಿಕ್ ಆಗಿದ್ದರೆ `PLC`, ಒಬ್ಬರದೇ ಕಂಪನಿಯಾದರೆ `OPC`. ಕೊನೆಯ ಆರು ಅಂಕಿ ಕಂಪನಿ ರಿಜಿಸ್ಟ್ರಾರ್ ಕೊಟ್ಟ ನೋಂದಣಿ ಸಂಖ್ಯೆ.

ಈಗ ಷರತ್ತಿನ ಆ ವಾಕ್ಯವನ್ನೂ ಈ ನಂಬರನ್ನೂ ಪಕ್ಕ ಪಕ್ಕ ಇಡಿ. ವಾಕ್ಯದಲ್ಲಿ 1956ರ ಕಾಯ್ದೆ ಅಂತಿದೆ. ನಂಬರ್‌ನಲ್ಲಿ 2012 ಇದೆ. ಹೊಂದುತ್ತೆ. ಹೊಸ ಕಂಪನಿ ಕಾಯ್ದೆ 2013ರದ್ದು, ಅದರಡಿ ಕಂಪನಿ ಸ್ಥಾಪನೆ ಶುರುವಾಗಿದ್ದು 2014ರ ಏಪ್ರಿಲ್ 1ರಿಂದ. ಹಾಗಾಗಿ ಯಾವುದೋ ಆ್ಯಪ್ 2019ರ ಸಿಐಎನ್ ಕೊಟ್ಟು, ಷರತ್ತಿನಲ್ಲಿ ಮಾತ್ರ 1956ರ ಕಾಯ್ದೆಯಡಿ ಸ್ಥಾಪನೆ ಅಂತ ಬರೆದುಕೊಂಡಿದ್ದರೆ, ಅದು ಬೇರೆ ಯಾರದೋ ಷರತ್ತನ್ನ ಎತ್ತಿ ಅಂಟಿಸಿದ್ದು. ಕಳ್ಳರು ಅಂತ ತೀರ್ಮಾನ ಮಾಡಬೇಡಿ, ಸೋಮಾರಿಗಳೂ ಇರಬಹುದು. ಆದರೆ ಆ ಕಾಗದದಲ್ಲಿರೋ ಇನ್ನೊಂದು ಮಾತನ್ನೂ ನೀವು ಪರೀಕ್ಷೆ ಮಾಡದೆ ನಂಬೋ ಹಾಗಿಲ್ಲ ಅನ್ನೋದು ಗೊತ್ತಾಯಿತು.

ಹೆಸರನ್ನ ಪೂರ್ತಿ, ಅಕ್ಷರ ಬಿಡದೆ ಬರೆದುಕೊಳ್ಳಿ ಅಂತ ನಾನು ಒತ್ತಿ ಹೇಳೋಕೆ ಕಾರಣ ಇದೆ. ಫ್ಲಿಪ್‌ಕಾರ್ಟ್ ಇಂಟರ್‌ನೆಟ್ ಪ್ರೈವೇಟ್ ಲಿಮಿಟೆಡ್ ಬೇರೆ. ಫ್ಲಿಪ್‌ಕಾರ್ಟ್ ಇಂಡಿಯಾ ಪ್ರೈವೇಟ್ ಲಿಮಿಟೆಡ್ ಬೇರೆ, ಅದು ಸಗಟು ವ್ಯಾಪಾರದ್ದು. ನಡುವಿನ ಪದ ಬಿಟ್ಟು ಬರೀ ಫ್ಲಿಪ್‌ಕಾರ್ಟ್ ಪ್ರೈವೇಟ್ ಲಿಮಿಟೆಡ್ ಅಂತ ಬರೆದರೆ ಅದು ಸಿಂಗಪುರದಲ್ಲಿ ನೋಂದಣಿಯಾದ ಕಂಪನಿಯ ಹೆಸರು. ಒಂದು ಪದ ತಪ್ಪಿದರೆ ನಿಮ್ಮ ನೋಟಿಸ್‌ಗೆ "ಇದಕ್ಕೂ ನಮಗೂ ಸಂಬಂಧ ಇಲ್ಲ" ಅಂತ ಒಂದು ಸಾಲಿನ ಉತ್ತರ ಬರುತ್ತೆ, ಮತ್ತೆ ಆ ಉತ್ತರ ಸರಿಯಾಗಿಯೇ ಇರುತ್ತೆ. ಇನ್ನೂ ಒಂದು ಮಾತು, ಇಂಥ ಮಾರುಕಟ್ಟೆಯಲ್ಲಿ ಸರಕು ಮಾರಿದವನು ಮೂರನೆಯವನು. ಪ್ರಾಡಕ್ಟ್ ಪುಟದಲ್ಲಿ, ಬಿಲ್ಲಿನಲ್ಲಿ ಅವನ ಹೆಸರಿರುತ್ತೆ. ಸರಕಿನಲ್ಲೇ ದೋಷ ಇದ್ದರೆ ಅವನನ್ನೂ ಸೇರಿಸಬೇಕು.

ಇಷ್ಟೆಲ್ಲ ಹುಡುಕಾಟ ನಮಗ್ಯಾಕೆ, ಅವರೇ ಹೇಳಬೇಕಲ್ವಾ ಅಂತ ನಿಮಗನ್ನಿಸಬಹುದು. ಹೇಳಬೇಕು. ಕಂಪನಿ ಸ್ಥಾಪನೆಯ 2014ರ ನಿಯಮಗಳಲ್ಲಿ 26ನೇ ನಿಯಮ ಇದೆ. ವೆಬ್‌ಸೈಟ್ ಇರೋ ಕಂಪನಿ ಅದರ ಮುಖಪುಟದಲ್ಲೇ ಹೆಸರು, ನೋಂದಾಯಿತ ಕಚೇರಿ ವಿಳಾಸ, ಸಿಐಎನ್, ಫೋನು, ಇಮೇಲು, ದೂರಿಗೆ ಸಂಪರ್ಕಿಸಬೇಕಾದವರ ಹೆಸರು ಹಾಕಬೇಕು. 2020ರ ಇ-ಕಾಮರ್ಸ್ ನಿಯಮಗಳೂ ಕಾನೂನಿನ ಹೆಸರು, ಮುಖ್ಯ ಕಚೇರಿ ವಿಳಾಸ, ದೂರು ಅಧಿಕಾರಿಯ ವಿವರ ಕೊಡಲೇಬೇಕು ಅನ್ನುತ್ತವೆ. ದೂರು ಬಂದ 48 ಗಂಟೆಯಲ್ಲಿ ಸ್ವೀಕೃತಿ, ಒಂದು ತಿಂಗಳಲ್ಲಿ ಪರಿಹಾರ ಅಂತಲೂ ಅದರಲ್ಲಿದೆ. ದೊಡ್ಡ ಕಂಪನಿಗಳು ಹೆಚ್ಚಾಗಿ ಪಾಲಿಸುತ್ತವೆ. ಸಣ್ಣ ಆ್ಯಪ್‌ಗಳಲ್ಲಿ ನೀವೇ ಹುಡುಕಿಕೊಳ್ಳಬೇಕು.

ಹಾಗೆ ಹುಡುಕಿದ ಒಂದು ಪ್ರಕರಣ ಹೇಳುತ್ತೀನಿ. ಆ್ಯಪ್ ಹೆಸರು ಹೇಳಲ್ಲ. ಶಿವಮೊಗ್ಗದ ಒಬ್ಬ ತಾಯಿ ಮಗನ ಕೋರ್ಸಿಗೆ ಅಂತ 18,000 ರೂಪಾಯಿ ಕಟ್ಟಿದ್ದರು. ಲೈವ್ ಕ್ಲಾಸುಗಳು ಕೆಲವೇ ವಾರದಲ್ಲಿ ನಿಂತುಹೋದವು. ರೀಫಂಡ್ ಕೇಳಿದರೆ ಚಾಟ್‌ನಲ್ಲಿ ಅದೇ ಅದೇ ಉತ್ತರ. ನೋಟಿಸ್ ಬರೆಯೋಣ ಅಂತ ನನ್ನ ಹತ್ತಿರ ಬಂದರು. ಯಾರ ಹೆಸರಿಗೆ?

ಮೊದಲು ಪ್ಲೇ ಸ್ಟೋರ್ ನೋಡಿದೆವು. ಡೆವಲಪರ್ ಜಾಗದಲ್ಲಿ ಬ್ರ್ಯಾಂಡ್ ಹೆಸರಿನ ಮುಂದೆ ಟೆಕ್ನಾಲಜೀಸ್ ಅಂತ ಸೇರಿಸಿದ್ದರು, ಜೊತೆಗೆ ಒಂದು ಜಿಮೇಲ್ ವಿಳಾಸ. ಲಿಮಿಟೆಡ್ ಇಲ್ಲ, ಎಲ್‌ಎಲ್‌ಪಿ ಇಲ್ಲ.

ಆಮೇಲೆ ಬಳಕೆಯ ಷರತ್ತು. ಅದರಲ್ಲಿ "ನಾವು" ಅಂದರೆ ಬ್ರ್ಯಾಂಡು ಮತ್ತು ಅದರ ಅಂಗಸಂಸ್ಥೆಗಳು ಅಂತಿತ್ತು. ಇದು ಯಾರನ್ನೂ ಹೇಳಿದ ಹಾಗಲ್ಲ. ಕೆಳಗೆ ಯಾವ ಕಾನೂನು ಅನ್ವಯ ಅನ್ನೋ ಕಡೆ ಕ್ಯಾಲಿಫೋರ್ನಿಯಾ ರಾಜ್ಯದ ಕಾನೂನು ಅಂತಿತ್ತು, ಎರಡು ಸಾಲು ದಾಟಿದರೆ ಬೆಂಗಳೂರಿನ ಕೋರ್ಟುಗಳು. ನಡುವೆ ಒಂದು ಕಡೆ ಪೂರ್ತಿ ಬೇರೆ ವೆಬ್‌ಸೈಟಿನ ಹೆಸರು ಹಾಗೇ ಉಳಿದುಬಿಟ್ಟಿತ್ತು. ಅಂದರೆ ಎರಡು ಮೂರು ಕಡೆಯಿಂದ ತಂದು ಹೊಲಿದ ಕೌದಿ ಅದು. ಇಂಥದ್ದರಲ್ಲಿ ಯಾವ ತುಂಡು ಅವರದೇ ಅಂತ ನೋಡಬೇಕು. ಅಮೆರಿಕದ ಮಾದರಿಯಿಂದ ಬಂದದ್ದು ಕ್ಯಾಲಿಫೋರ್ನಿಯಾ. ಯಾರೋ ಕೂತು ಕೈಯಾರೆ ಸೇರಿಸಿದ್ದು ಬೆಂಗಳೂರು. ಸುಳಿವು ಇರೋದು ಕೈಯಾರೆ ಸೇರಿಸಿದ ಜಾಗದಲ್ಲಿ.

ಪ್ರೈವೆಸಿ ಪಾಲಿಸಿಯಲ್ಲಿ ಅಂಥ ಜಾಗ ಕೊನೆಯ ಪ್ಯಾರಾ. ದೂರು ಅಧಿಕಾರಿ ಅನ್ನೋ ತಲೆಬರಹ ಅಮೆರಿಕದ ಮಾದರಿಗಳಲ್ಲಿ ಇರಲ್ಲ, ಅದನ್ನ ನಮ್ಮ ಕಾನೂನಿಗಾಗಿ ಇಲ್ಲಿಯವರೇ ಬರೆಯಬೇಕು. ಅಲ್ಲಿ ಸಿಕ್ಕಿತು ನೋಡಿ, ಎಜುಟೆಕ್ ಅಂತ ಕೊನೆಯಾಗೋ ಒಂದು ಪ್ರೈವೇಟ್ ಲಿಮಿಟೆಡ್ ಹೆಸರು, ಎಚ್‌ಎಸ್‌ಆರ್ ಲೇಔಟಿನ ಒಂದು ವಿಳಾಸ. ಆಯಮ್ಮನಿಗೆ ಖುಷಿಯಾಯಿತು. ಆದರೆ ಹೆಸರು ಸಿಕ್ಕಿತು ಅಂದರೆ ಕಂಪನಿ ಸಿಕ್ಕಿತು ಅಂತಲ್ಲ, ಅದು ಇದೆಯಾ ಅಂತ ನೋಡಬೇಕು.

ಅದಕ್ಕೆ ಕೇಂದ್ರ ಸರ್ಕಾರದ mca.gov.in ಇದೆ. ಅದರಲ್ಲಿ `View Company or LLP Master Data` ಅನ್ನೋ ಸೇವೆ. ಲಾಗಿನ್ ಕೇಳಿದರೆ ಖಾತೆ ಮಾಡಿಕೊಳ್ಳಿ, ದುಡ್ಡು ಕೊಡಬೇಕಾಗಿಲ್ಲ. ಹೆಸರು ಇಲ್ಲಾ ಸಿಐಎನ್ ಹಾಕಿದರೆ ಸ್ಥಾಪನೆಯ ದಿನಾಂಕ, ನೋಂದಾಯಿತ ವಿಳಾಸ, ನಿರ್ದೇಶಕರ ಹೆಸರು, ಕಂಪನಿಯ ಸ್ಥಿತಿ ಬರುತ್ತೆ. ನಮ್ಮ ಎಜುಟೆಕ್ ಕಂಪನಿಯ ಸ್ಥಿತಿಯ ಮುಂದೆ `Strike Off` ಅಂತಿತ್ತು. ರಿಜಿಸ್ಟ್ರಾರ್ ಪಟ್ಟಿಯಿಂದಲೇ ಅದನ್ನ ತೆಗೆದುಹಾಕಿದ್ದರು. ಆ್ಯಪ್ ಮಾತ್ರ ಆರಾಮಾಗಿ ದುಡ್ಡು ತಗೊಳ್ತಾ ಇತ್ತು.

ಹಾಗಾದರೆ ದುಡ್ಡು ಹೋಗಿದ್ದು ಎಲ್ಲಿಗೆ? ಇಲ್ಲಿ ಷರತ್ತು, ಪಾಲಿಸಿ ಎರಡನ್ನೂ ಪಕ್ಕಕ್ಕಿಟ್ಟು ಬಿಲ್ ತೆಗೆಯಬೇಕು. ಇಮೇಲಿಗೆ ಬಂದ ಬಿಲ್ಲಿನಲ್ಲಿ ಮೇಲೆ ದಪ್ಪಕ್ಷರದಲ್ಲಿ ಬ್ರ್ಯಾಂಡು, ಕೆಳಗೆ ಪುಟ್ಟದಾಗಿ ಜಿಎಸ್‌ಟಿ ನಂಬರು. ಜಿಎಸ್‌ಟಿ ನಂಬರ್ 15 ಅಕ್ಷರ-ಅಂಕಿ. ಮೊದಲೆರಡು ರಾಜ್ಯದ ಕೋಡ್, ಕರ್ನಾಟಕಕ್ಕೆ 29. ಆಮೇಲಿನ ಹತ್ತು ಅವರ ಪ್ಯಾನ್. ಪ್ಯಾನ್‌ನ ನಾಲ್ಕನೇ ಅಕ್ಷರ, ಅಂದರೆ ಜಿಎಸ್‌ಟಿ ನಂಬರಿನ ಆರನೇದು, ಅದು ಯಾರು ಅನ್ನೋದನ್ನ ಹೇಳುತ್ತೆ. `C` ಇದ್ದರೆ ಕಂಪನಿ, `P` ಇದ್ದರೆ ಒಬ್ಬ ವ್ಯಕ್ತಿ, `F` ಇದ್ದರೆ ಪಾಲುದಾರಿಕೆ ಸಂಸ್ಥೆ ಇಲ್ಲಾ ಎಲ್‌ಎಲ್‌ಪಿ. ಇವರದ್ದರಲ್ಲಿ `F`. ಪ್ರೈವೇಟ್ ಲಿಮಿಟೆಡ್‌ಗೆ `F` ಬರೋಕೆ ಸಾಧ್ಯವೇ ಇಲ್ಲ. ಪಾಲಿಸಿಯಲ್ಲಿ ಒಬ್ಬರು, ಬಿಲ್ಲಿನಲ್ಲಿ ಇನ್ನೊಬ್ಬರು ಅಂತ ಆ ಒಂದು ಅಕ್ಷರದಿಂದಲೇ ಗೊತ್ತಾಯಿತು.

gst.gov.in ಗೆ ಹೋಗಿ `Search Taxpayer` ನಲ್ಲಿ ಆ ನಂಬರ್ ಹಾಕಿದೆವು. ಅಲ್ಲಿ ಎರಡು ಹೆಸರು ಬರುತ್ತೆ, `Legal Name of Business` ಮತ್ತು `Trade Name`. ನಮಗೆ ಬೇಕಾದ್ದು ಮೊದಲನೆಯದು. ಅದರಲ್ಲಿ ಒಂದು ಎಲ್‌ಎಲ್‌ಪಿ ಹೆಸರು. ಆ ಹೆಸರನ್ನ ತಗೊಂಡು ಮತ್ತೆ mca.gov.in ಗೆ ಬಂದರೆ, ವಿಳಾಸ ಅದೇ ಎಚ್‌ಎಸ್‌ಆರ್ ಲೇಔಟಿನದು, ಸ್ಥಿತಿ `Active`. ಹಳೇ ಕಂಪನಿ ಮುಚ್ಚಿ ಎಲ್‌ಎಲ್‌ಪಿ ಶುರು ಮಾಡಿಕೊಂಡಿದ್ದಾರೆ, ಪ್ರೈವೆಸಿ ಪಾಲಿಸಿ ಬದಲಾಯಿಸೋದನ್ನ ಮರೆತಿದ್ದಾರೆ. ಅಷ್ಟೇ ಇರಬಹುದು. ಬೇಕಂತಲೇ ಬಿಟ್ಟಿರಲೂಬಹುದು. ಕಾಗದ ನೋಡಿ ಅದನ್ನ ಹೇಳೋಕಾಗಲ್ಲ. ನೋಟಿಸ್ ಎಲ್‌ಎಲ್‌ಪಿ ಹೆಸರಿಗೆ ಹೋಯಿತು, ಉತ್ತರವೂ ಎಲ್‌ಎಲ್‌ಪಿಯ ಲೆಟರ್‌ಹೆಡ್‌ನಲ್ಲೇ ಬಂತು. ಚಾಟ್‌ನಲ್ಲಿ ಸಿಗದಿದ್ದ ಮನುಷ್ಯರು ಅಲ್ಲಿ ಸಿಕ್ಕಿದರು.

ಪಟ್ಟಿಯಿಂದ ತೆಗೆದ ಕಂಪನಿಗೇ ನೀವು ದುಡ್ಡು ಕಟ್ಟಿದ್ದರೆ ಎಲ್ಲಾ ಮುಗಿಯಿತು ಅಂತಲೂ ಅಂದುಕೊಳ್ಳಬೇಡಿ. ಕಂಪನಿ ಕಾಯ್ದೆಯ 248ನೇ ಕಲಮಿನ ಪ್ರಕಾರ ಹೆಸರು ತೆಗೆದ ಮೇಲೂ ನಿರ್ದೇಶಕರ ಹೊಣೆ ಉಳಿಯುತ್ತೆ. ಅದಕ್ಕೆ ವಕೀಲರು ಬೇಕು, ಅದು ಇವತ್ತಿನ ಮಾತಲ್ಲ. `Active` ಅನ್ನೋದನ್ನೂ ಸರ್ಟಿಫಿಕೇಟ್ ಥರ ನೋಡಬೇಡಿ. ಪಟ್ಟಿಯಲ್ಲಿ ಹೆಸರಿದೆ ಅಂತ ಮಾತ್ರ ಅದರ ಅರ್ಥ. ಕಂಪನಿ ಒಳ್ಳೇದಾ, ದುಡ್ಡಿದೆಯಾ, ಆ ವಿಳಾಸದಲ್ಲಿ ಯಾರಾದರೂ ಕೂರುತ್ತಾರಾ, ಇದ್ಯಾವುದನ್ನೂ ಅದು ಹೇಳಲ್ಲ.

ಷರತ್ತಿನಲ್ಲಿ ಒಂದು ಹೆಸರು, ಪಾಲಿಸಿಯಲ್ಲಿ ಇನ್ನೊಂದು ಇದ್ದರೆ ಯಾವುದನ್ನ ಹಿಡಿಯಬೇಕು ಅಂತ ತುಂಬಾ ಜನ ಕೇಳುತ್ತಾರೆ. ಎರಡೂ ಸರಿ ಇರಬಹುದು, ಏಕೆಂದರೆ ಎರಡೂ ಬೇರೆ ಬೇರೆ ಪ್ರಶ್ನೆಗೆ ಉತ್ತರ. ನಿಮ್ಮ ಜೊತೆ ಒಪ್ಪಂದ ಮಾಡಿಕೊಂಡವರು ಯಾರು ಅನ್ನೋದು ಷರತ್ತಿನಲ್ಲಿದೆ. ನಿಮ್ಮ ಫೋನ್ ನಂಬರು, ಫೋಟೋ, ಲೊಕೇಶನ್ ಇಟ್ಟುಕೊಂಡಿರೋದು ಯಾರು ಅನ್ನೋದು ಪಾಲಿಸಿಯಲ್ಲಿದೆ. ದೊಡ್ಡ ಗುಂಪುಗಳಲ್ಲಿ ಇವೆರಡು ಬೇರೆ ಕಂಪನಿಯೇ ಆಗಿರುತ್ತವೆ. ಸೇವೆಯ ದೂರಾದರೆ ಷರತ್ತಿನವರು, ನನ್ನ ಮಾಹಿತಿ ಅಳಿಸಿ ಅಂತ ಕೇಳೋದಾದರೆ ಪಾಲಿಸಿಯವರು, ದುಡ್ಡಿನ ವಿಷಯಕ್ಕೆ ಬಿಲ್ಲಿನಲ್ಲಿ ಹೆಸರಿದ್ದವರು. ಅನುಮಾನ ಇದ್ದರೆ ನೋಟಿಸ್‌ನಲ್ಲಿ ಎಲ್ಲರನ್ನೂ ಸೇರಿಸಿ ಅಂತ ನಾನು ಹೇಳುತ್ತೀನಿ. ಒಬ್ಬರು ಜಾಸ್ತಿಯಾದರೆ ನಷ್ಟ ಒಂದು ಅಂಚೆ ಖರ್ಚು.

ಸಾಲದ ಆ್ಯಪ್‌ಗಳಲ್ಲಿ ಇದು ಇನ್ನೂ ಮುಖ್ಯ. ಆ್ಯಪ್ ನಡೆಸೋರು ಒಬ್ಬರು, ಸಾಲ ಕೊಡೋರು ಒಂದು ಬ್ಯಾಂಕು ಇಲ್ಲಾ ಎನ್‌ಬಿಎಫ್‌ಸಿ, ಅಂದರೆ ಬ್ಯಾಂಕ್ ಅಲ್ಲದ ಹಣಕಾಸು ಕಂಪನಿ. ಆ್ಯಪ್‌ನವರಿಗೆ ಸ್ವಂತವಾಗಿ ಸಾಲ ಕೊಡೋ ಅಧಿಕಾರ ಇರಬೇಕಂತಿಲ್ಲ, ಆದರೆ ಹಿಂದೆ ಯಾರು ಕೊಡ್ತಿದ್ದಾರೆ ಅಂತ ಹೇಳಲೇಬೇಕು. ಷರತ್ತಿನಲ್ಲಿ "ನಮ್ಮ ಸಾಲ ಪಾಲುದಾರರು" ಅಂತ ಮಾತ್ರ ಇದ್ದು ಒಂದೂ ಹೆಸರಿಲ್ಲ ಅಂದರೆ ಅಲ್ಲಿಗೇ ನಿಲ್ಲಿಸಿ, ಮುಂದೆ ಹೋಗಬೇಡಿ. ಹೆಸರಿದ್ದರೆ ರಿಸರ್ವ್ ಬ್ಯಾಂಕಿನ ವೆಬ್‌ಸೈಟಿನಲ್ಲಿ ಎನ್‌ಬಿಎಫ್‌ಸಿಗಳ ಪಟ್ಟಿ ಇದೆ, 2025ರಿಂದ ಸಾಲದ ಆ್ಯಪ್‌ಗಳದ್ದೇ ಪಟ್ಟಿಯನ್ನೂ ಹಾಕಿದ್ದಾರೆ. ಅದರಲ್ಲಿ ಆ್ಯಪ್ ಹೆಸರು, ಅದರ ಹಿಂದಿನ ಸಂಸ್ಥೆ ಎರಡನ್ನೂ ತಾಳೆ ನೋಡಿ.

ಹೆಸರು ಬದಲಾಗಿದ್ದರೆ ಏನು ಮಾಡೋದು? ಮತ್ತೆ ಸ್ವಿಗ್ಗಿಗೇ ಬರೋಣ. ಬಂಡಲ್ ಆಗಿದ್ದಾಗಿನ ಸಿಐಎನ್, ಈಗಿನ ಸ್ವಿಗ್ಗಿ ಲಿಮಿಟೆಡ್‌ನ ಸಿಐಎನ್ ಒಂದರ ಕೆಳಗೊಂದು ನೋಡಿ:

```
U74110KA2013PTC096530
L74110KA2013PLC096530
```

ಪ್ರೈವೇಟ್ ಇದ್ದದ್ದು ಪಬ್ಲಿಕ್ ಆಯಿತು, ಷೇರುಪೇಟೆಗೆ ಬಂತು, ಹಾಗಾಗಿ `U` ಹೋಗಿ `L`, `PTC` ಹೋಗಿ `PLC`. ಕೊನೆಯ ಆರು ಅಂಕಿ ಅಲುಗಿಲ್ಲ. ಅದೇ ಕಂಪನಿ. ಹಳೇ ಬಿಲ್ಲಿನ ಮೇಲೆ ಬಂಡಲ್ ಅಂತಿದ್ದರೂ ಹೊಣೆ ಎಲ್ಲೂ ಹೋಗಲ್ಲ. ಹೆಸರು ಬದಲಿಸಿದ ಕಂಪನಿ ಎರಡು ವರ್ಷ ಹಳೇ ಹೆಸರನ್ನೂ ಜೊತೆಗೆ ಹಾಕಬೇಕು ಅಂತ ಕಾಯ್ದೆಯ 12ನೇ ಕಲಮಿನಲ್ಲಿದೆ, ಅದರಿಂದಲೂ ಕೊಂಡಿ ಸಿಗುತ್ತೆ. ಒಂದು ಎಚ್ಚರ ಮಾತ್ರ, ನೋಂದಾಯಿತ ಕಚೇರಿ ಬೇರೆ ರಾಜ್ಯಕ್ಕೆ ಹೋದರೆ ರಾಜ್ಯದ ಅಕ್ಷರದ ಜೊತೆ ಆ ಕೊನೆಯ ಸಂಖ್ಯೆಯೂ ಬದಲಾಗುತ್ತೆ.

ಷರತ್ತುಗಳೂ ಬದಲಾಗುತ್ತಲೇ ಇರುತ್ತವೆ. ನೀವು ದುಡ್ಡು ಕಟ್ಟಿದ ದಿನ ಇದ್ದದ್ದು ಇವತ್ತು ಇರಲ್ಲ. web.archive.org ನಲ್ಲಿ ಆ ಪುಟದ ವಿಳಾಸ ಹಾಕಿದರೆ ಹಳೇ ದಿನಾಂಕದ ಪ್ರತಿ ಇದ್ದರೂ ಇರಬಹುದು. ಸಣ್ಣ ಸೈಟುಗಳದ್ದು ಹೆಚ್ಚಾಗಿ ಇರಲ್ಲ. ದೊಡ್ಡ ಮೊತ್ತ ಕಟ್ಟುವಾಗ ಅವತ್ತೇ ಎರಡೂ ಪುಟವನ್ನ ಪಿಡಿಎಫ್ ಮಾಡಿಟ್ಟುಕೊಳ್ಳಿ, ಮೇಲಿರೋ ದಿನಾಂಕದ ಸಮೇತ.

ವಿದೇಶಿ ಆ್ಯಪ್‌ಗಳ ಬಗ್ಗೆ ಹಿಂದಿನ ಸಾಲಿನಿಂದ ಒಂದು ಪ್ರಶ್ನೆ ಬಂತು. ಅಲ್ಲಿ ನಿಮ್ಮ ದೇಶ ಯಾವುದು ಅನ್ನೋದರ ಮೇಲೆ ಕಂಪನಿ ಬದಲಾಗುತ್ತೆ. ವಾಟ್ಸ್‌ಆ್ಯಪ್‌ನಲ್ಲಿ ನಿಮ್ಮ ಎದುರಿಗಿರೋದು ವಾಟ್ಸ್‌ಆ್ಯಪ್ ಎಲ್‌ಎಲ್‌ಸಿ, ಅಮೆರಿಕದ್ದು. ಜರ್ಮನಿಯಲ್ಲಿರೋ ನಿಮ್ಮ ಮಗಳಿಗೆ ವಾಟ್ಸ್‌ಆ್ಯಪ್ ಐರ್ಲೆಂಡ್ ಲಿಮಿಟೆಡ್. ಅದೇ ನೆಟ್‌ಫ್ಲಿಕ್ಸ್ ಇಲ್ಲಿಗೆ ಅಂತ ನೆಟ್‌ಫ್ಲಿಕ್ಸ್ ಎಂಟರ್‌ಟೈನ್‌ಮೆಂಟ್ ಸರ್ವೀಸಸ್ ಇಂಡಿಯಾ ಎಲ್‌ಎಲ್‌ಪಿ ಇಟ್ಟಿದೆ. ಹಾಗಾಗಿ ಹುಡುಕೋ ಪೆಟ್ಟಿಗೆಯಲ್ಲಿ `India` ಅಂತಲೂ ಟೈಪ್ ಮಾಡಿ ನೋಡಿ. ಕಂಪನಿಗೆ ಬೆಂಗಳೂರಿನಲ್ಲಿ ದೊಡ್ಡ ಆಫೀಸ್ ಇದೆ ಅಂದ ಮಾತ್ರಕ್ಕೆ ಆ ಆಫೀಸಿನ ಕಂಪನಿಯೇ ನಿಮ್ಮ ಒಪ್ಪಂದದವರು ಅಂತ ಅಲ್ಲ, ಅದು ಬರೀ ಸಾಫ್ಟ್‌ವೇರ್ ಬರೆದುಕೊಡೋ ಘಟಕ ಇರಬಹುದು.

ಇನ್ನು ಉಳಿದದ್ದು ವಿಳಾಸ. ಷರತ್ತಿನಲ್ಲಿ ಕಾರ್ಪೊರೇಟ್ ಆಫೀಸ್ ಅಂತ ಒಂದು, ರಿಜಿಸ್ಟರ್ಡ್ ಆಫೀಸ್ ಅಂತ ಇನ್ನೊಂದು ಇರುತ್ತೆ. ನೋಟಿಸ್ ಹೋಗಬೇಕಾದ್ದು ರಿಜಿಸ್ಟರ್ಡ್ ಆಫೀಸಿಗೆ, mca.gov.in ನಲ್ಲಿ ಇವತ್ತು ತೋರಿಸೋ ವಿಳಾಸಕ್ಕೆ. ಪಾಲಿಸಿಯಲ್ಲಿರೋ ವಿಳಾಸ ಬೇರೆಯಾಗಿದ್ದರೆ ಅಲ್ಲಿಗೂ ಒಂದು ಪ್ರತಿ, ದೂರು ಅಧಿಕಾರಿಯ ಇಮೇಲಿಗೆ ಇನ್ನೊಂದು. ಮೇಲೆ ಕಂಪನಿಯ ಪೂರ್ತಿ ಹೆಸರು, ಅದರ ಕೆಳಗೆ ಸಿಐಎನ್, ಅದರ ಕೆಳಗೆ "ಇಂಥ ಆ್ಯಪ್ ನಡೆಸುತ್ತಿರುವವರು" ಅಂತ ಬ್ರ್ಯಾಂಡ್ ಹೆಸರು, ಆಮೇಲೆ ವಿಳಾಸ. ಒಬ್ಬರೇ ನಡೆಸೋ ವ್ಯಾಪಾರವಾದರೆ ಆ ವ್ಯಕ್ತಿಯ ಹೆಸರು ಮೊದಲು, ಮುಂದೆ "ಇಂಥ ಅಂಗಡಿಯ ಮಾಲೀಕರು" ಅಂತ. ಜೊತೆಗೆ ಷರತ್ತಿನ ಆ ಒಂದು ವಾಕ್ಯ ಇರೋ ಪುಟದ ಪ್ರಿಂಟ್ ಲಗತ್ತಿಸಿ, ವಾಕ್ಯದ ಕೆಳಗೆ ಪೆನ್ನಿನಿಂದ ಗೆರೆ ಹಾಕಿ.